ಎಂ.ಎ. ಇತಿಹಾಸ ಪ್ರವೇಶಕ್ಕೆ ಉದ್ದೇಶ ಹೇಳಿಕೆ: ನಾನು ಕೇಳಿದ ಹೆಸರು, ಆಯಿ ಹೇಳಿದ ಹೆಸರು

ಪ್ರವೇಶ ಸಮಿತಿಯ ಮಾನ್ಯ ಸದಸ್ಯರಿಗೆ,

ನನ್ನ ಪ್ರಶ್ನೆಗಳನ್ನು ಬದಲಿಸಿದ ಒಂದು ಆಕರದ ಬಗ್ಗೆ ಬರೆಯಲು ಹೇಳಿದ್ದೀರಿ. ನನ್ನ ಆಕರ ಒಂದು ಗಂಟೆ ನಲವತ್ತು ನಿಮಿಷದ ಧ್ವನಿಮುದ್ರಣ. 2023ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ತಾಲೂಕಿನ ಒಂದು ಹಳ್ಳಿಯಲ್ಲಿ, 87 ವರ್ಷದ ಹೆಣ್ಣುಮಗಳೊಬ್ಬರು ತೊಗರಿ ಹಸನು ಮಾಡುತ್ತಾ ಹೇಳಿದ್ದನ್ನು ನನ್ನ ಮೊಬೈಲಿನಲ್ಲಿ ದಾಖಲಿಸಿಕೊಂಡೆ. ಹಿಂದೆ ಮೊರದ ಸದ್ದು ಉದ್ದಕ್ಕೂ ಕೇಳುತ್ತದೆ. ಊರಿನ ಹೆಸರನ್ನಾಗಲಿ ತಮ್ಮ ಹೆಸರನ್ನಾಗಲಿ ಎಲ್ಲಿಯೂ ಬರೆಯಬಾರದೆಂದು ಅವರು ಮಾತು ತೆಗೆದುಕೊಂಡಿದ್ದಾರೆ. ಆದ್ದರಿಂದ ಇಲ್ಲಿ ಅವರು ಬರೀ ಆಯಿ. ಊರಿನವರೂ ಅವರನ್ನು ಹಾಗೆಯೇ ಕರೆಯುತ್ತಾರೆ.

ನಾನು ಆಗ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಹೈದರಾಬಾದ್ ವಿಮೋಚನೆಗೆ 75 ವರ್ಷ ತುಂಬುವ ಸಂಭ್ರಮ ಶುರುವಾಗಿತ್ತು. ಹಾಗಾಗಿ ನಮ್ಮ ತಾಲೂಕಿನ ಹೋರಾಟಗಾರರ ಪಟ್ಟಿಯನ್ನು ತಯಾರಿಸುವುದು ನನ್ನ ಪ್ರಬಂಧದ ಕೆಲಸವಾಗಿತ್ತು. ಈ ವಿಷಯ ನನಗೆ ಹೊಸದೇನಲ್ಲ. ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಶಾಲೆಯಲ್ಲಿ ಧ್ವಜ ಹಾರಿಸಿ, ಭಾಷಣ ಮಾಡಿ, ಬಹುಮಾನವಾಗಿ ಸ್ಟೀಲ್ ಡಬ್ಬಿ ಗೆದ್ದವಳು ನಾನು. 1948ರ ಮೇ ತಿಂಗಳಲ್ಲಿ ಗೋರಟಾದಲ್ಲಿ ರಜಾಕಾರರು ನಡೆಸಿದ ಕೊಲೆಗಳು, ಸೆಪ್ಟೆಂಬರ್ 13ರಂದು ಸೊಲ್ಲಾಪುರದ ಕಡೆಯಿಂದ ಭಾರತೀಯ ಸೇನೆ ಒಳಬಂದದ್ದು, ನಳದುರ್ಗ, ಉಮರ್ಗಾ, ರಾಜೇಶ್ವರ, ಹುಮನಾಬಾದ್ ದಾಟಿ ಹೈದರಾಬಾದಿನತ್ತ ಸಾಗಿದ್ದು ನನಗೆ ಬಾಯಿಪಾಠವಾಗಿತ್ತು. 14 ಪ್ರಶ್ನೆಗಳ ನಮೂನೆಯನ್ನು ಜೆರಾಕ್ಸ್ ಮಾಡಿಸಿಕೊಂಡು ಮನೆಮನೆಗೆ ಹೋದೆ. ಮೂರನೆಯ ಪ್ರಶ್ನೆ, "ಹೋರಾಟದಲ್ಲಿ ಭಾಗವಹಿಸಿದವರ ಹೆಸರುಗಳು".

ಆಯಿಗೆ ಕಿವಿ ಸ್ವಲ್ಪ ಮಂದ. "ಆಯಿ, ಆಗಿನ ಹೆಸರು ಏನಾದರೂ ನೆನಪಿದೆಯೇ?" ಎಂದು ಗಟ್ಟಿಯಾಗಿ ಕೇಳಿದೆ. ಅವರ ಉತ್ತರವನ್ನು ಬರಹದ ಕನ್ನಡಕ್ಕೆ ಇಳಿಸಿ ಕೊಡುತ್ತಿದ್ದೇನೆ. ಹೀಗೆ ಇಳಿಸುವಾಗ ಅವರ ಮಾತಿನ ಕಸುವು ಅರ್ಧಕ್ಕರ್ಧ ಹೋಗುತ್ತದೆ ಎಂಬುದು ನನಗೆ ಗೊತ್ತು. ಮುದ್ರಣವಂತೂ ಇದ್ದೇ ಇದೆ.

"ನೆನಪಿಲ್ಲದೆ ಏನು ತಂಗಿ? ಹೆಸರು ಅಷ್ಟೂ ಹೊಲದಲ್ಲಿ ಕಪ್ಪಾಗಿ ನಿಂತಿತ್ತು. ಬಿಡಿಸುವವರೇ ಇರಲಿಲ್ಲ."

ನಾನು ಮನುಷ್ಯರ ಹೆಸರು ಕೇಳಿದ್ದೆ, ಅವರು ಹೆಸರುಕಾಳಿನ ಮಾತು ಎತ್ತಿದ್ದರು. ಮುದ್ರಣದಲ್ಲಿ ನಾನು ನಕ್ಕ ಸದ್ದಿದೆ. "ಅದಲ್ಲ ಆಯಿ" ಎಂದು ತಿದ್ದಲು ಹೊರಟದ್ದೂ ಇದೆ. ಈಗ ಕೇಳಿಸಿಕೊಂಡರೆ ನಾಚಿಕೆಯಾಗುತ್ತದೆ. ಪುಣ್ಯಕ್ಕೆ ಅವರು ನನ್ನ ತಿದ್ದುಪಡಿಗೆ ಕಿವಿಗೊಡಲಿಲ್ಲ.

ಅವರು ಹೇಳಿದ ಕಥೆ ಇದು. ಅವರ ಅಪ್ಪನಿಗೆ ಸ್ವಂತ ಹೊಲ ಕಡಿಮೆ. ಬಗಲಿನ ಮನೆಯ ಮುಸ್ಲಿಂ ಒಕ್ಕಲಿಗರೊಬ್ಬರ ಹೊಲವನ್ನು ಪಾಲಿಗೆ ಮಾಡುತ್ತಿದ್ದರು. ಅವರನ್ನು ಆಯಿ ಮಾಮಾ ಎಂದು ಕರೆಯುತ್ತಿದ್ದರು. ಆ ಬೇಸಗೆಯಲ್ಲಿ ರಜಾಕಾರರು ಸುತ್ತಲಿನ ಊರುಗಳನ್ನು ಸುಲಿಯುತ್ತಿದ್ದಾಗ ಆಯಿಯ ಮನೆಯವರು ಸೊಲ್ಲಾಪುರದ ಕಡೆಯ ಬೀಗರ ಊರಿಗೆ ಓಡಿಹೋದರು. ಬೀಗದ ಕೈ ಮಾಮಾನ ಮನೆಯಲ್ಲಿತ್ತು, ಎಮ್ಮೆಯೂ ಅಲ್ಲಿಯೇ. ಮಿರಗದ ಮಳೆಗೆ ಮರಳಿ ಬಂದಾಗ ಎಮ್ಮೆ ಕರು ಹಾಕಿತ್ತು. ಇಬ್ಬರೂ ಸೇರಿ ಹೆಸರು ಬಿತ್ತಿದರು. ಅದು ಕಟಾವಿಗೆ ಬರುವ ಹೊತ್ತಿಗೆ ಸೇನೆ ಬಂತು. ಸೇನೆಯ ಹಿಂದೆ ಬೇರೆ ಜನರೂ ಬಂದರು. ಅವರು ಯಾರೆಂದು ಆಯಿ ಹೇಳಲಿಲ್ಲ. "ಅನಂತನ ಹುಣ್ಣಿಮೆ. ಹಿಟ್ಟು ಚೆಲ್ಲಿದಂತೆ ಬೆಳದಿಂಗಳು. ಕತ್ತಲಿದ್ದರೆ ಚೆನ್ನಾಗಿತ್ತು ಎಂದು ನಮ್ಮವ್ವ ಅಳುತ್ತಿದ್ದಳು." ಆ ರಾತ್ರಿ ಮಾಮಾನ ಮನೆಯವರು ಊರು ಬಿಟ್ಟರು. ಈ ಸಲ ಬೀಗದ ಕೈ ಆಯಿಯ ಮನೆಗೆ ಬಂತು.

ಹೆಸರುಕಾಯಿ ಬಿಡಿಸಿ ರಾಶಿ ಮಾಡಿ, ಮಾಮಾನ ಪಾಲನ್ನು ಗುಮ್ಮಿಯಲ್ಲಿ ಹಾಕಿ, ಬಾಯಿಗೆ ಸೆಗಣಿ ಬಳಿದು ಇಟ್ಟರಂತೆ. ಮರುವರ್ಷ ಮಾಮಿ ಇಬ್ಬರು ಗಂಡುಮಕ್ಕಳೊಂದಿಗೆ ಬಂದಳು. ಮಾಮಾ ಬರಲಿಲ್ಲ. ಗುಮ್ಮಿ ತೆರೆದರೆ ಕಾಳಿಗೆ ಹುಳು ಹತ್ತಿತ್ತು. "ಹುಳು ಹತ್ತಿದ್ದನ್ನೇ ಕೊಟ್ಟೆವು. ಅವಳು ಸೆರಗು ಒಡ್ಡಿ ತೆಗೆದುಕೊಂಡಳು."

"ಹೊಲ?" ಎಂದು ಕೇಳಿದೆ.

ಮೊರದ ಸದ್ದು ನಿಲ್ಲುತ್ತದೆ. "ಹೊಲದ ಮಾತು ಬೇಡ ತಂಗಿ. ಚಹಾ ಕುಡಿ."

ಮನೆಗೆ ಬಂದು ನಮೂನೆ ತುಂಬಲು ಕುಳಿತೆ. 14 ಖಾನೆಗಳಲ್ಲಿ ಯಾವುದಕ್ಕೂ ಇದು ಹೊಂದಲಿಲ್ಲ. ನನ್ನ ಬಳಿ ಎರಡು ಕಾಲಗಳಿದ್ದವು, 17ನೇ ತಾರೀಖಿಗೆ ಮುಂಚಿನದು ಮತ್ತು ನಂತರದ್ದು. ಆಯಿಯ ಬಳಿ ಇದ್ದದ್ದು ಒಂದೇ, "ಗದ್ದಲದ ಕಾಲ". ರಜಾಕಾರರೂ ಅದರಲ್ಲೇ, ಆಮೇಲೆ ಬಂದವರೂ ಅದರಲ್ಲೇ. ನೂರು ನಿಮಿಷಗಳ ಮಾತಿನಲ್ಲಿ ವಿಮೋಚನೆ ಎಂಬ ಶಬ್ದ ಒಮ್ಮೆಯೂ ಬಂದಿಲ್ಲ. ಇದರಿಂದ ವಿಮೋಚನೆ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅವರ ಮನೆ ಸುಲಿಗೆಗೆ ಹೆದರಿ ಊರು ಬಿಟ್ಟದ್ದು ನಿಜ, ಆ ಹೆದರಿಕೆ ಹೋದದ್ದೂ ನಿಜ. ಆದರೆ ನನ್ನ ಎರಡು ಖಾನೆಗಳ ನಡುವಿನ ಗೆರೆ ಅವರ ಮನೆಯೊಳಗಿಂದ ಹಾದುಹೋಗಿರಲಿಲ್ಲ.

ಮೊದಲು ಅವರ ನೆನಪನ್ನು ಒರೆಗೆ ಹಚ್ಚಿದೆ. ಹಳೆಯ ಪಂಚಾಂಗ ನೋಡಿದರೆ 1948ರ ಭಾದ್ರಪದ ಹುಣ್ಣಿಮೆ ಸೆಪ್ಟೆಂಬರ್ 18ಕ್ಕೆ ಬರುತ್ತದೆ. ನಿಜಾಮರು ಶರಣಾಗತಿ ಘೋಷಿಸಿದ ಮರುದಿನ. ಹನ್ನೆರಡು ವರ್ಷದ ಹುಡುಗಿಯ ನೆನಪಿನ ಬೆಳದಿಂಗಳು ತಾರೀಖಿಗೆ ಸರಿಯಾಗಿ ಹೊಂದಿತ್ತು. ಆಯಿ ಇಸವಿ ಹೇಳಲಾರರು, ಆದರೆ ಮಿರಗ, ಅನಂತನ ಹುಣ್ಣಿಮೆ, ಅಲಾಯಿ ಎನ್ನುತ್ತಾರೆ. "ಆ ವರ್ಷ ಅಲಾಯಿ ಕುಣಿ ತೋಡಲಿಲ್ಲ" ಎಂದದ್ದನ್ನೂ ಲೆಕ್ಕ ಹಾಕಿದೆ. ಆ ಸಲದ ಮೊಹರಂ ಬಿದ್ದದ್ದು ನವೆಂಬರಿನಲ್ಲಿ, ಅಂದರೆ ಸುಮಾರು ಎರಡು ತಿಂಗಳಾದರೂ ಊರು ಸಹಜ ಸ್ಥಿತಿಗೆ ಬಂದಿರಲಿಲ್ಲ. ಭಾರತ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಈ ಭಾಗದಲ್ಲಿ ಸುತ್ತಿದ್ದೂ ಅದೇ ವರ್ಷದ ಕೊನೆಯಲ್ಲಿ. ಪೊಲೀಸ್ ಕಾರ್ಯಾಚರಣೆ ಎಂದು ಕರೆಯಲಾದ ಆ ಸೇನಾ ಕ್ರಮದ ವೇಳೆ ಮತ್ತು ನಂತರ ಸತ್ತವರು 27,000ದಿಂದ 40,000 ಇರಬಹುದೆಂದು ಅಂದಾಜಿಸಿದ ಆ ವರದಿ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಗುಲಬರ್ಗಾ, ನಾಂದೇಡದ ಜೊತೆ ಬೀದರನ್ನೂ ಸೇರಿಸಿತ್ತು. ಬೀದರಿನಲ್ಲೇ ಓದಿ ಬೆಳೆದ ನಾನು ಆ ವರದಿಯನ್ನು ಮೊದಲ ಸಲ ಓದಿದ್ದು ಆಯಿಯ ಮನೆಯಿಂದ ಬಂದ ಮೇಲೆ.

ಹೊಲದ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ. ಸರ್ವೆ ನಂಬರನ್ನು ಊರಿನ ಹಿರಿಯರೊಬ್ಬರಿಂದ ತಿಳಿದುಕೊಂಡು 1954-55ರ ಖಾಸ್ರಾ ಪಹಣಿಯ ನಕಲಿಗೆ ಅರ್ಜಿ ಹಾಕಿದೆ. ನಕಲು ಕೈಗೆ ಬಂದಾಗ ಅದು ಉರ್ದುವಿನಲ್ಲಿತ್ತು. ಒಂದಕ್ಷರ ಓದಲು ಬರಲಿಲ್ಲ. ನಿವೃತ್ತ ಉರ್ದು ಶಿಕ್ಷಕರೊಬ್ಬರ ಬಳಿ ಏಳು ತಿಂಗಳು, ವಾರಕ್ಕೆ ಎರಡು ಸಂಜೆ, ಒಂದನೇ ತರಗತಿಯ ಪುಸ್ತಕದಿಂದ ಕಲಿತೆ. ಗುರುಗಳು ದುಡ್ಡು ತೆಗೆದುಕೊಳ್ಳಲಿಲ್ಲ, ಆದರೆ ಅಲಿಫ್ ಸೊಟ್ಟಗೆ ಬರೆದರೆ ಇಡೀ ಪುಟ ಮತ್ತೆ ಬರೆಸುತ್ತಿದ್ದರು. ಕೊನೆಗೂ ಓದಿದಾಗ ಕಂಡದ್ದು ಇಷ್ಟು: ಪಟ್ಟೆದಾರನ ಖಾನೆಯಲ್ಲಿ ಮಾಮಾನ ಹೆಸರು, ಕಬ್ಜೆಯ ಖಾನೆಯಲ್ಲಿ ಆಯಿಯ ಅಪ್ಪನ ಹೆಸರು.

ಕಬಳಿಕೆಯ ಸಾಕ್ಷಿ ಸಿಕ್ಕಿತು ಎಂದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಆ ಖಚಿತತೆ ಕರಗಿತು. ಅವರು ಗದ್ದಲಕ್ಕೆ ಮುಂಚಿನಿಂದಲೂ ಆ ಹೊಲವನ್ನು ಪಾಲಿಗೆ ಮಾಡುತ್ತಿದ್ದವರು. 1950ರಲ್ಲಿ ಹೈದರಾಬಾದ್ ಗೇಣಿ ಕಾಯ್ದೆ ಬಂದ ಮೇಲೆ ಉಳುವವನ ಹೆಸರಿಗೆ ಹಿಂದಿಲ್ಲದ ಬೆಲೆ ಬಂತು. ಆ ಕಾಗದದಲ್ಲಿರುವ ಕಬ್ಜೆ ಹಳೆಯ ಪಾಲುಗಾರಿಕೆಯ ಗುರುತೋ, ಸತ್ತವನ ಹೊಲ ಕೈಬದಲಾದ ಗುರುತೋ, ಅಥವಾ ಮಾಮಿಯೇ ಒಪ್ಪಿ ಬಿಟ್ಟದ್ದೋ? ಕಾಗದ ಹೇಳುವುದಿಲ್ಲ. ಆಯಿ ಹೇಳಬಹುದಿತ್ತು, ಹೇಳಲಿಲ್ಲ. ಗುಮ್ಮಿಯಲ್ಲಿ ಕಾಳು ಕಾಪಾಡಿದ ಮನೆಯೂ ಹೊಲ ಉಳಿಸಿಕೊಂಡ ಮನೆಯೂ ಒಂದೇ ಆಗಿರಬಹುದು. ನನ್ನ ಭಾಷಣದ ಭಾಷೆಯಲ್ಲಿ ಇದಕ್ಕೆ ಶಬ್ದಗಳಿರಲಿಲ್ಲ.

ನಾನು ಎಂ.ಎ.ಯಲ್ಲಿ ಬೆನ್ನುಹತ್ತಬೇಕೆಂದಿರುವುದು ಇದನ್ನೇ. "ಯಾರು ಹೋರಾಡಿದರು?" ಎಂದು ಹೊರಟವಳು ಈಗ "ಬಿತ್ತಿದವರು ಹೋದ ಮೇಲೆ ಕಟಾವು ಮಾಡಿದವರು ಯಾರು, ಅದು ದಾಖಲೆಗೆ ಹೇಗೆ ಇಳಿಯಿತು?" ಎಂದು ಕೇಳುತ್ತಿದ್ದೇನೆ. ಪಂಜಾಬು, ಬಂಗಾಳದ ವಿಭಜನೆಯ ಇತಿಹಾಸದಲ್ಲಿ ನಿರ್ಗಮಿತರ ಆಸ್ತಿಯ ಬಗ್ಗೆ ಸಾಕಷ್ಟು ಅಧ್ಯಯನ ನಡೆದಿದೆ. 1950ರ ನಿರ್ಗಮಿತರ ಆಸ್ತಿ ಕಾಯ್ದೆಯ ಕಣ್ಣಿದ್ದದ್ದು ಮುಖ್ಯವಾಗಿ ಪಾಕಿಸ್ತಾನಕ್ಕೆ ಹೋದವರ ಮೇಲೆ. ಮಾಮಿ ಯಾವ ದೇಶದ ಗಡಿಯನ್ನೂ ದಾಟಲಿಲ್ಲ. ಹೈದರಾಬಾದಿನ ನೆಂಟರ ಮನೆಗೆ ಹೋಗಿ, ಒಂದು ವರ್ಷ ಇದ್ದು, ಮರಳಿ ಬಂದಳು. ಹಾಗೆ ಹೋಗಿ ಬಂದವರ ಆಸ್ತಿಯನ್ನು ಊರು, ಪಟೇಲ, ಪಟವಾರಿ, ತಹಸೀಲು ಹೇಗೆ ನೋಡಿಕೊಂಡವು ಎಂಬುದು ನನ್ನ ಪ್ರಶ್ನೆ. ಒಂದೇ ಹೋಬಳಿಯ ಐದಾರು ಹಳ್ಳಿಗಳನ್ನು ಹಿಡಿದರೆ ಎರಡು ವರ್ಷದಲ್ಲಿ ಮುಗಿಯುವ ಕೆಲಸ ಎಂದುಕೊಂಡಿದ್ದೇನೆ. ಅದು ಅತಿಯಾಸೆಯಾದರೆ ಎರಡು ಹಳ್ಳಿಗೆ ಇಳಿಸಲು ಸಿದ್ಧಳಿದ್ದೇನೆ.

ತೊಡಕುಗಳೂ ಗೊತ್ತಿವೆ. 1956ರಲ್ಲಿ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಉದಗೀರ್, ನೀಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಹೋದವು. ಕಡತಗಳೂ ಹಾಗೆಯೇ ಚದುರಿವೆ, ಕೆಲವು ಹೈದರಾಬಾದಿನ ತಾರ್ನಾಕಾದ ಪತ್ರಾಗಾರದಲ್ಲಿವೆ. ಅಚ್ಚಿನ ಉರ್ದು ನಾನು ಓದಬಲ್ಲೆ, ಕಚೇರಿಯ ಶಿಕಸ್ತಾ ಕೈಬರಹದ ಮುಂದೆ ಇನ್ನೂ ತಡವರಿಸುತ್ತೇನೆ. ನಮ್ಮ ಗಡಿ ಭಾಗದ ಹಳೆಯ ಲೆಕ್ಕಗಳ ಮೋಡಿ ಲಿಪಿಯನ್ನು ಇನ್ನೂ ಮುಟ್ಟಿಲ್ಲ. ಹಳೆಯ ಕಂದಾಯ ದಾಖಲೆಗಳ ಫಸಲಿ ವರ್ಷವನ್ನು ಇಸವಿಗೆ ತಿರುಗಿಸಲು 590 ಕೂಡಿಸಬೇಕೋ 591 ಕೂಡಿಸಬೇಕೋ ಎಂಬುದು ತಿಂಗಳನ್ನು ಅವಲಂಬಿಸಿದೆ ಎಂದು ತಿಳಿಯದೆ ಒಂದು ವಾರದ ಟಿಪ್ಪಣಿಗಳನ್ನು ಹಾಳುಮಾಡಿಕೊಂಡಿದ್ದೇನೆ. ಇವನ್ನು ಒಬ್ಬಳೇ ಕಲಿಯಲಾಗದು. ನಿಮ್ಮ ವಿಭಾಗಕ್ಕೆ ಅರ್ಜಿ ಹಾಕಲು ಮೊದಲ ಕಾರಣ ಇದು.

ಎರಡನೆಯ ಕಾರಣ ಹೇಳಲು ಸ್ವಲ್ಪ ಸಂಕೋಚ. ಆಯಿಯ ಮಕ್ಕಳು, ಮಾಮಿಯ ಮೊಮ್ಮಕ್ಕಳು ಇಂದಿಗೂ ಅದೇ ಓಣಿಯಲ್ಲಿದ್ದಾರೆ, ಒಂದೇ ಟಂಟಂನಲ್ಲಿ ಸಂತೆಗೆ ಹೋಗುತ್ತಾರೆ. ನಾನು ಬರೆಯುವುದರಿಂದ ಆ ಓಣಿಯಲ್ಲಿ ಹೊಸ ಗದ್ದಲವಾಗಬಾರದು. "ಅದನ್ನೆಲ್ಲ ಯಾಕೆ ಕೆದಕುತ್ತಿ?" ಎಂದು ಅಪ್ಪ ಕೇಳಿದಾಗ ಉತ್ತರ ಕೊಡಲಾಗಲಿಲ್ಲ. ಹೇಳಬೇಡವೆಂದ ಮಾತನ್ನು ಆಕರವಾಗಿ ಬಳಸುವುದು ಹೇಗೆ, ಬಳಸಬಹುದೇ ಎಂಬುದನ್ನು ಮೌಖಿಕ ಇತಿಹಾಸ ಬಲ್ಲವರ ಎದುರು ಕುಳಿತು ವಾದಿಸಿ ಕಲಿಯಬೇಕಿದೆ.

ಬಿ.ಎ.ಯ ಪ್ರಬಂಧವನ್ನು ಕೊನೆಗೆ ಹೋರಾಟಗಾರರ ಪಟ್ಟಿಯಾಗಿಯೇ ಸಲ್ಲಿಸಿದೆ, ಒಳ್ಳೆಯ ಅಂಕವೂ ಬಂತು. ಆಯಿಯ ನಮೂನೆಯನ್ನು ಅದರಲ್ಲಿ ಸೇರಿಸಿಲ್ಲ. ಅದು ನನ್ನ ಬಳಿಯೇ ಇದೆ. ಮೂರನೆಯ ಖಾನೆಯಲ್ಲಿ, ಅವತ್ತು ಪಡಸಾಲೆಯಲ್ಲಿ ಕುಳಿತು ಪೆನ್ಸಿಲಿನಲ್ಲಿ ಬರೆದದ್ದು ಒಂದೇ ಸಾಲು: "ಹೆಸರು, ಎರಡು ಚೀಲ, ಹುಳು ಹತ್ತಿದ್ದು."