ಇವತ್ತಿಂದ ಹೊಸ ಸಿಸ್ಟಮ್: ಶಿರಸಿ ಹೆಡ್ ಆಫೀಸಿನಲ್ಲಿ ಎಂಡಿ ಆಡಿದ ಮಾತು

ಎಲ್ಲರಿಗೂ ನಮಸ್ಕಾರ. ಸಿದ್ದಾಪುರ, ಯಲ್ಲಾಪುರದವರು ಸ್ಕ್ರೀನಲ್ಲಿ ಕಾಣ್ತಾ ಇದ್ದಾರೆ, ಕುಮಟಾದವರ ಮುಖ ಬಂದಿದೆ ದನಿ ಬಂದಿಲ್ಲ, ಬರ್ತದೆ, ನಾನು ಶುರು ಮಾಡಿಬಿಡ್ತೇನೆ.

ಇವತ್ತು ಅಕ್ಟೋಬರ್ 1. ಬೆಳಿಗ್ಗೆ ಹೊಸ ಸಾಫ್ಟ್‌ವೇರ್ ಇಆರ್‌ಪಿಯಲ್ಲಿ ನಮ್ಮ ಮೊದಲ್ನೇ ಖರೀದಿ ಎಂಟ್ರಿ ಆಯ್ತು, 14 ಚೀಲ ಚಾಲಿ ಅಡಿಕೆ. ಹಳೇ ಪದ್ಧತಿಯಲ್ಲಿ ಎರಡು ನಿಮಿಷದ ಕೆಲಸ, ಇವತ್ತು ಒಂಬತ್ತು ನಿಮಿಷ ಹಿಡೀತು, ಗ್ರೇಡ್ ಹಾಕದೆ ಅದು ಮುಂದೆ ಬಿಡೋದೇ ಇಲ್ಲ, ಗ್ರೇಡ್ ಹಾಕಿದ್ರೆ ಯಾವ ಗೋಡೌನು ಕೇಳ್ತದೆ. ಅಡಿಕೆ ತಂದ ರೈತರು ಎರಡನೇ ಚಾ ಕುಡಿದು "ಕಂಪ್ಯೂಟರ್ ತಂದದ್ದು ಬೇಗ ಆಗ್ಲಿ ಅಂತಲೋ ತಡ ಆಗ್ಲಿ ಅಂತಲೋ" ಕೇಳಿದ್ರು. ನ್ಯಾಯವಾದ ಪ್ರಶ್ನೆ.

ಮೊದ್ಲು ಥ್ಯಾಂಕ್ಸ್ ಹೇಳ್ಬೇಕು. ಅಕೌಂಟ್ಸಿನವರು ಪಾರ್ಟಿ ಲಿಸ್ಟ್ ಕ್ಲೀನ್ ಮಾಡಿದ್ದು ಸಣ್ಣ ಕೆಲಸ ಅಲ್ಲ, ಒಬ್ಬರೇ ರೈತರು ಮೂರು ಸ್ಪೆಲ್ಲಿಂಗಲ್ಲಿ ಮೂರು ಖಾತೆಯಾಗಿ ಕೂತಿದ್ರು, ಒಂದರಲ್ಲಿ ಅಡ್ವಾನ್ಸು ಇನ್ನೊಂದರಲ್ಲಿ ಬಾಕಿ. ಗೋಡೌನಿನವರು ಮಳೆ ಸುರೀತಿದ್ರೂ ಎರಡು ದಿನ ಚೀಲ ಚೀಲ ಎಣಿಸಿ ಓಪನಿಂಗ್ ಸ್ಟಾಕ್ ಕೊಟ್ರು. ಹುಬ್ಬಳ್ಳಿಯಿಂದ ಬಂದ ಕನ್ಸಲ್ಟಂಟ್ ಹುಡುಗರಿಗೆ ಬಂದಾಗ ಅಡಿಕೆ ಅಂದ್ರೆ ಅಡಿಕೆ ಅಷ್ಟೇ, ಈಗ ಬೆಟ್ಟೆ ಯಾವುದು ತಟ್ಟಿಬೆಟ್ಟೆ ಯಾವುದು ನೋಡಿ ಹೇಳ್ತಾರೆ. ಆದ್ರೆ ನಾನು ಮುಖ್ಯವಾಗಿ ಹೆಸರು ಹೇಳ್ಬೇಕಾದದ್ದು ಆರಿಸೋ ವಿಭಾಗದ ಅಕ್ಕಂದಿರದ್ದು. ಒಂದು ಕ್ವಿಂಟಾಲ್ ರಾಶಿ ಅಡಿಕೆ ಆರಿಸಿದ್ರೆ ಕರಿ, ಒಡಕು, ಧೂಳು ಎಷ್ಟೆಷ್ಟು ಹೋಗ್ತದೆ ಅನ್ನೋ ಲೆಕ್ಕ ಯಾವ ಫೈಲಲ್ಲೂ ಇರ್ಲಿಲ್ಲ, ಇವರ ತಲೇಲಿತ್ತು. ಟೆಸ್ಟಿಂಗಲ್ಲಿ ಸಿಸ್ಟಮ್ ತೋರಿಸಿದ ನಷ್ಟ ನೋಡಿ "ಇದು ತಪ್ಪು, ಮಳೆಗಾಲದ ಮಾಲಿಗೆ ಬೇರೆ ಲೆಕ್ಕ" ಹೇಳಿ ಹಿಡಿದದ್ದೂ ಅವರೇ. ಅದನ್ನ ಆವಾಗ ಹಿಡೀದಿದ್ರೆ ಇವತ್ತು ನಮ್ಮ ಕಾಸ್ಟಿಂಗ್ ಪೂರ್ತಿ ಅಡ್ಡಾದಿಡ್ಡಿ ಆಗ್ತಿತ್ತು.

ಇನ್ನು ಮುಂದಿನ ಮೂರು ತಿಂಗಳು. ಅಕ್ಟೋಬರಲ್ಲಿ ನಿಧಾನ ಆಗ್ತದೆ, ಆಗ್ಲಿ, ಅದಕ್ಕೆ ಯಾರನ್ನೂ ನಾನು ಕೇಳೋದಿಲ್ಲ. ದೀಪಾವಳಿ ಕಳೆದು ಹೊಸ ಕೊಯ್ಲಿನ ರಾಶಿ ಬರ್ಲಿಕ್ಕೆ ಹತ್ತಿದ್ರೆ ನಿಧಾನ ನಡೆಯೋದಿಲ್ಲ ಮಾರಾಯ್ರೆ, ಅಷ್ಟರೊಳಗೆ ಕೈ ಕೂರ್ಬೇಕು, ಅದಕ್ಕೇ ಈ ತಿಂಗಳು ಪ್ರತಿ ಬ್ರಾಂಚಿಗೆ ಎಂಟ್ರಿಗೆ ಒಬ್ಬೊಬ್ಬರು ಹೆಚ್ಚಿಗೆ ಇರ್ತಾರೆ. ಅಕ್ಟೋಬರಿನ ಲೆಕ್ಕ ನವೆಂಬರ್ 7ಕ್ಕೆ ಕ್ಲೋಸ್ ಆಗ್ಬೇಕು, ಜಿಎಸ್‌ಟಿಆರ್-1 ಹನ್ನೊಂದಕ್ಕೆ, 3ಬಿ ಇಪ್ಪತ್ತಕ್ಕೆ, ನಾವು ಹೊಸ ಸಾಫ್ಟ್‌ವೇರ್ ಹಾಕಿದ್ದೇವೆ ಅಂತ ಸರ್ಕಾರ ತಾರೀಖು ಮುಂದೆ ಹಾಕೋದಿಲ್ಲ. ಡಿಸೆಂಬರ್ ಕೊನೆಗೆ ಗೋಡೌನಿನ ಮಾಲು, ಸ್ಕ್ರೀನಿನ ಮಾಲು ಕೂಡಿ ಬರ್ಬೇಕು.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಪಕ್ಕದಲ್ಲಿ ಇನ್ನೊಂದು ಲೆಕ್ಕ ಬೇಡ. ಡ್ರಾಯರಲ್ಲಿ ನೋಟ್‌ಬುಕ್ಕು, ಡೆಸ್ಕ್‌ಟಾಪಲ್ಲಿ "ಫೈನಲ್ ಹೊಸದು 2" ಅನ್ನೋ ಎಕ್ಸೆಲ್ಲು, ಯಾವುದೂ ಬೇಡ. ಹಳೇ ಸಾಫ್ಟ್‌ವೇರ್ ಇವತ್ತಿಂದ ನೋಡ್ಲಿಕ್ಕೆ ಮಾತ್ರ. ಎರಡು ಕಡೆ ಬರೆದ್ರೆ ತಿಂಗಳ ಕೊನೆಗೆ ಯಾವುದು ಖರೆ ಹೇಳಿ ಜಗಳ ಬರ್ತದೆ, ಆವಾಗ ಎಲ್ಲರೂ ನೋಟ್‌ಬುಕ್ಕೇ ನಂಬೋದು, ನಂಗೆ ಗೊತ್ತು. ದೇವಿಮನೆ ಘಟ್ಟದ ಆಚೆ ಈಚೆ ನೆಟ್‌ವರ್ಕ್ ಹೋದ್ರೆ ನಂಬರ್ ಹಾಕಿದ ಚೀಟಿ ಪುಸ್ತಕ ಕೊಟ್ಟಿದ್ದೇವೆ, ಅದರಲ್ಲಿ ಬರೀರಿ, ಸಂಜೆಯೊಳಗೆ ಎಂಟ್ರಿ ಮಾಡಿ. ಕಾಗದ ಅಂದ್ರೆ ಅದೊಂದೇ.

ಒಣಗಿ ತೂಕ ಇಳಿದ್ರೆ ಇಳಿದಷ್ಟು ಕಾರಣ ಬರೆದು ಹಾಕಿ, ಸರಿ ಕಾಣ್ಲಿ ಅಂತ ಹೊಂದಿಸ್ಬೇಡಿ. ಯಾರು ಯಾವಾಗ ಏನು ಬದಲಾಯಿಸಿದ್ರು ಅನ್ನೋದು ಎಡಿಟ್ ಲಾಗಲ್ಲಿ ಇರ್ತದೆ, 2023ರ ಏಪ್ರಿಲ್‌ನಿಂದ ನಮ್ಮಂಥ ಕಂಪನಿಗಳಿಗೆ ಅದು ಕಡ್ಡಾಯ, ಅದನ್ನ ಆಫ್ ಮಾಡ್ಲಿಕ್ಕೆ ನನಗೂ ಬರೋದಿಲ್ಲ. ಹಾಗಾಗಿ ಪಾಸ್‌ವರ್ಡ್ ಮಾನಿಟರಿಗೆ ಅಂಟಿಸಿಟ್ಟವರು ಇವತ್ತೇ ಕಿತ್ತು ಹಾಕಿ, ಇಬ್ಬರು ಕಂಡಿದ್ದಾರೆ, ಹೆಸರು ಹೇಳೋದಿಲ್ಲ.

ತೊಂದರೆ ಆದ್ರೆ ಮೊದ್ಲು ನಿಮ್ಮ ಬ್ರಾಂಚಿನ ಸೂಪರ್ ಯೂಸರಿಗೆ ಹೇಳಿ, ಆಗ್ಲಿಲ್ಲ ಅಂದ್ರೆ ಟಿಕೆಟ್ ಹಾಕಿ. ಟಿಕೆಟ್ ಜಾಸ್ತಿ ಹಾಕಿದ ಬ್ರಾಂಚು ದಡ್ಡ ಅಂತ ಯಾರೂ ತಿಳೀಬಾರ್ದು, ಒಂದೂ ಟಿಕೆಟ್ ಬರದ ಬ್ರಾಂಚಿಗೇ ನಾನು ಮೊದ್ಲು ಗಾಡಿ ಹತ್ತಿ ಬರೋದು. ಹೊಸ ರಿಪೋರ್ಟ್ ಬೇಕು, ಬಟನ್ ಈಚೆ ಬೇಕು ಅನ್ನೋದೆಲ್ಲ ಜನವರಿಗೆ, ಟ್ಯಾಕ್ಸಿನ ವಿಷಯ ಬಿಟ್ಟು. ರೇಟ್ ಅಪ್ರೂವಲ್ ನನ್ನ ಫೋನಿಗೇ ಬರ್ತದೆ, ಒಂದು ಗಂಟೆಯೊಳಗೆ ಒತ್ತದಿದ್ರೆ ಸೀದಾ ಕಾಲ್ ಮಾಡಿ ಬೈರಿ.

ಕುಮಟಾದವರ ದನಿ ಬಂತಾ? ಬಂತು. ಪ್ರಶ್ನೆ ಇದ್ರೆ ಈಗ್ಲೇ ಕೇಳಿ, 12 ಗಂಟೆಗೆ ಇಲ್ಲಿ ಕಾಳುಮೆಣಸಿನ ಲೋಡು ಬರ್ತದೆ, ಅದರ ಎಂಟ್ರಿ ನೋಡ್ಲಿಕ್ಕೆ ನಾನು ತೂಕದ ಹತ್ರ ಹೋಗ್ಬೇಕು.