ಸಂಸ್ಕರಣಾ ಘಟಕದ ವ್ಯವಸ್ಥಾಪಕಿ ಹುದ್ದೆ: ಸದ್ಯಕ್ಕೆ ಒಪ್ಪಿಕೊಳ್ಳಲಾಗದ ಬಗ್ಗೆ

ಹಾವೇರಿ
18 ಆಗಸ್ಟ್ 2025

ಇವರಿಗೆ,
ಅಧ್ಯಕ್ಷರು ಮತ್ತು ಆಡಳಿತ ಮಂಡಳಿಯ ಸದಸ್ಯರು
ಸಿರಿಧಾನ್ಯ ಬೆಳೆಗಾರರ ರೈತ ಉತ್ಪಾದಕ ಕಂಪನಿ
ಶಿರಾ ತಾಲ್ಲೂಕು, ತುಮಕೂರು ಜಿಲ್ಲೆ

ಉಲ್ಲೇಖ: ತಮ್ಮ 11 ಆಗಸ್ಟ್ 2025ರ ನೇಮಕಾತಿ ಪತ್ರ

ಮಾನ್ಯರೇ,

ತಮ್ಮ ನೇಮಕಾತಿ ಪತ್ರ ಕೈಸೇರಿದೆ. ಇಷ್ಟು ವಿಶ್ವಾಸವಿಟ್ಟು ಕರೆದಿದ್ದೀರಿ, ಅದಕ್ಕೆ ನಾನು ಋಣಿ. ಆದರೆ ಈ ವರ್ಷ ಆ ಹುದ್ದೆಗೆ ಬರಲು ನನ್ನಿಂದ ಆಗುವುದಿಲ್ಲ. ಉತ್ತರಕ್ಕೆ ತಾವು 20ನೇ ತಾರೀಖಿನವರೆಗೆ ಕಾಲ ಕೊಟ್ಟಿದ್ದಿರಿ. ತೀರ್ಮಾನ ಗಟ್ಟಿಯಾದ ಮೇಲೆ ಎರಡು ದಿನ ಸುಮ್ಮನೆ ಕಾಯಿಸುವುದು ಸರಿಯಲ್ಲವೆನಿಸಿ ಇಂದೇ ಬರೆಯುತ್ತಿದ್ದೇನೆ. ಹೊಲದಲ್ಲಿ ಕೊರಲೆ ನಿಂತಿದೆ. ಅದು ಕಣಕ್ಕೆ ಬರುವ ಮೊದಲು ತಮಗೆ ಬೇರೊಬ್ಬರನ್ನು ಹುಡುಕಲು ಸಮಯ ಬೇಕು.

ಸಂದರ್ಶನವೆಂದರೆ ಮೇಜಿನ ಆಚೆ ನಾಲ್ವರು, ಈಚೆ ಒಬ್ಬರು ಎಂದುಕೊಂಡೇ ಬಂದಿದ್ದೆ. ತಾವು ನೇರವಾಗಿ ಘಟಕದೊಳಕ್ಕೆ ಕರೆದುಕೊಂಡು ಹೋಗಿ, ಯಂತ್ರದಿಂದ ಆಗಷ್ಟೇ ಬಿದ್ದ ಅಕ್ಕಿಯನ್ನು ಬೊಗಸೆಗೆ ಸುರಿದು, 'ಏನು ಕೊರತೆ ಕಾಣುತ್ತದೆ ಹೇಳಿ' ಎಂದಿರಿ. ಮೊರ ಹಿಡಿದು ಕೂತಿದ್ದ ಹಿರಿಯಮ್ಮ ನನಗಿಂತ ಮೊದಲೇ ಸಿಪ್ಪೆ ಬಿಡದ ಕಾಳುಗಳನ್ನು ಉಗುರಿನಲ್ಲಿ ಆರಿಸಿ ಪಕ್ಕಕ್ಕಿಟ್ಟರು. ಮಧ್ಯಾಹ್ನ ಎಲ್ಲರ ಸಾಲಿನಲ್ಲೇ ಕೂರಿಸಿ ಕೊರಲೆ ಅನ್ನ, ಹುರುಳಿ ಸಾರು ಬಡಿಸಿದಿರಿ. ಕೆಲಸ ಕೊಡುವವರು ಲೆಕ್ಕದ ಪುಸ್ತಕವನ್ನೂ ತೆರೆದು, ಹೋದ ವರ್ಷ ಎಲ್ಲಿ ನಷ್ಟವಾಯಿತೆಂದು ತಾವಾಗಿಯೇ ತೋರಿಸುವುದು ಅಪರೂಪ. ಹೀಗಾಗಿ 'ಆಗುವುದಿಲ್ಲ' ಎಂದು ಬರೆಯುವುದು ನನಗೆ ಸುಲಭವಾಗಿಲ್ಲ.

ಕಾರಣ ಹೇಳುತ್ತೇನೆ. ನಾನು ಈಗಿರುವ ಮಹಿಳಾ ಒಕ್ಕೂಟದ ಘಟಕದಲ್ಲಿ ಸಾವೆ, ನವಣೆಗಳನ್ನು ಅಕ್ಕಿ ಮಾಡುವ ಎರಡನೇ ಯಂತ್ರಸಾಲು ಬರುವ ತಿಂಗಳು ಕೂರುತ್ತಿದೆ. ಅದಕ್ಕೆ ಬ್ಯಾಂಕಿನಿಂದ ಸಾಲ ಎತ್ತಿದವರು ಸ್ವಸಹಾಯ ಸಂಘದ ಹೆಂಗಸರು. ಯಾವ ಯಂತ್ರ, ಎಷ್ಟು ಸಾಮರ್ಥ್ಯ, ವಿದ್ಯುತ್ ಎಷ್ಟು ಬೇಕು ಎಂಬ ವರದಿ ಬರೆದುಕೊಟ್ಟವಳು ನಾನು. ಸುಗ್ಗಿಯ ಮಾಲು ಅಂಗಳಕ್ಕೆ ಬಂದು ಬೀಳುವ ಹೊತ್ತಿಗೆ ಆ ವರದಿ ಬರೆದವಳೇ ಊರಲ್ಲಿಲ್ಲದಿದ್ದರೆ ಸಾಲದ ಕಂತು ಯಾರ ತಲೆಯ ಮೇಲೆ ಬೀಳುತ್ತದೆಂದು ತಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ಯಂತ್ರ ನಡೆಸುವುದನ್ನು ಈಗ ಕಲಿಯುತ್ತಿರುವವರಿಗೆ ಒಂದು ಹಂಗಾಮು ಪೂರ್ತಿ ಕೈಗೆ ಸಿಕ್ಕರೆ ಆಮೇಲೆ ನನ್ನ ಅಗತ್ಯ ಅಷ್ಟಾಗಿ ಇರುವುದಿಲ್ಲ. ಮನೆಯಲ್ಲಿ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಆದರೆ ಅದನ್ನು ನೆಪವಾಗಿ ಮುಂದಿಡುವುದಿಲ್ಲ. ತಾವು ಮನೆ ಕೊಡುತ್ತೇವೆಂದಿದ್ದಿರಿ, ಶಾಲೆಯ ವಿಚಾರವನ್ನೂ ತಾವಾಗಿಯೇ ಕೇಳಿದ್ದಿರಿ.

ಇನ್ನೊಂದು ಮಾತನ್ನು ಸ್ಪಷ್ಟಪಡಿಸಿಬಿಡುತ್ತೇನೆ. ಇದು ಸಂಬಳ ಏರಿಸಿಕೊಳ್ಳುವ ಉಪಾಯವಲ್ಲ. ತಾವು ಹೇಳಿದ ತಿಂಗಳಿಗೆ 38,000 ರೂಪಾಯಿ ನನ್ನ ಈಗಿನ ಸಂಬಳಕ್ಕಿಂತ ಹೆಚ್ಚು. ತಮ್ಮ ಪತ್ರವನ್ನು ಇಲ್ಲಿ ಯಾರಿಗೂ ತೋರಿಸಿ ಚೌಕಾಸಿಗೆ ಇಳಿದಿಲ್ಲ. ಆದ್ದರಿಂದ ಆಡಳಿತ ಮಂಡಳಿ ಈ ಮೊತ್ತವನ್ನು ಮತ್ತೆ ಚರ್ಚೆಗೆ ತೆಗೆದುಕೊಳ್ಳುವುದು ಬೇಡ. ಅದೇ ಹಣದಲ್ಲಿ ತಮಗೆ ಒಳ್ಳೆಯವರು ಸಿಗುತ್ತಾರೆ.

ಅಂದು ಕೈಯಲ್ಲಿ ಹಿಡಿದ ಕೊರಲೆಯ ವಿಷಯಕ್ಕೆ ಬರುತ್ತೇನೆ. ಕೆಲಸಕ್ಕೆ ಬರದಿದ್ದರೂ ಈ ಮಾತು ತಮಗೆ ಸಲ್ಲಬೇಕು. ಸಾವೆ, ನವಣೆಗೆ ಹೊಂದಿಸಿದ ವೇಗದಲ್ಲೇ ಕೊರಲೆಯನ್ನೂ ಓಡಿಸುತ್ತಿದ್ದಾರೆಂದು ಕಾಣುತ್ತದೆ. ಕೊರಲೆಯ ಸಿಪ್ಪೆ ಬಿಗಿ. ಒಂದೇ ಸುತ್ತಿನಲ್ಲಿ ಎಲ್ಲ ಬಿಡಿಸಿಬಿಡಬೇಕೆಂದು ವೇಗ ಏರಿಸಿದರೆ ಅಕ್ಕಿಗಿಂತ ನುಚ್ಚೇ ಜಾಸ್ತಿಯಾಗುತ್ತದೆ. ಮೊದಲು ಜರಡಿಯಲ್ಲಿ ದಪ್ಪ ಕಾಳು, ಸಣ್ಣ ಕಾಳು ಬೇರೆ ಮಾಡಿ, ವೇಗ ಇಳಿಸಿ ಓಡಿಸಿ, ಬಿಡದೆ ಉಳಿದದ್ದನ್ನು ಮಾತ್ರ ಮತ್ತೆ ಯಂತ್ರಕ್ಕೆ ಹಾಕಿಸಿ ನೋಡಿ. ಕಾಳಿನ ತೇವವೂ ಮುಖ್ಯ: ಹಲ್ಲಿಗಿಟ್ಟು ಕಚ್ಚಿದರೆ ಟಕ್ಕೆಂದು ಒಡೆಯಬೇಕು, ಮೆತ್ತಗೆ ಒತ್ತಿಕೊಂಡರೆ ಇನ್ನೊಂದು ಬಿಸಿಲು ಬೇಕೆಂದೇ ಅರ್ಥ. ಇನ್ನು ಗೋದಾಮಿನಲ್ಲಿ ಕಂಡ ಅಕ್ಕಿಯ ಮೂಟೆಗಳು. ಪಾಲಿಶ್ ಮಾಡದ ಸಿರಿಧಾನ್ಯದ ಅಕ್ಕಿಯಲ್ಲಿ ತೌಡಿನ ಎಣ್ಣೆಯಂಶ ಉಳಿದಿರುವುದರಿಂದ ಹೆಚ್ಚು ದಿನ ಇಟ್ಟರೆ ಕಮಟು ವಾಸನೆ ಬರುತ್ತದೆ. ಕಾಳನ್ನು ಸಿಪ್ಪೆಯೊಂದಿಗೇ ಇಟ್ಟುಕೊಂಡು, ಬೇಡಿಕೆ ಬಂದಷ್ಟೇ ಅಕ್ಕಿ ಮಾಡಿಸುವುದು ಲೇಸು. ವ್ಯಾಪಾರಿಗಳಿಂದ ಮಾಲು ವಾಪಸ್ಸು ಬಂದ ಲೆಕ್ಕ ತೋರಿಸಿದ್ದಿರಲ್ಲ, ಅದರಲ್ಲಿ ಒಂದಷ್ಟು ಇದರಿಂದಲೇ ಆಗಿರಬಹುದೆಂದು ನನ್ನ ಅನುಮಾನ. ಆ ಹಿರಿಯಮ್ಮನನ್ನು ಕೇಳಿ, ಮೂಗಿಗೆ ಹಿಡಿದೇ ಹೇಳಿಬಿಡುತ್ತಾರೆ. ಹೊಸ ವ್ಯವಸ್ಥಾಪಕರು ಯಾರೇ ಬರಲಿ, ಮೊದಲ ವಾರ ಅವರ ಪಕ್ಕದಲ್ಲೇ ಕೂರಿಸಿ ಎಂಬುದು ನನ್ನ ಸಲಹೆ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಆಹಾರ ಸಂಸ್ಕರಣೆ ಓದಿ, ನಮ್ಮಲ್ಲಿ ತರಬೇತಿ ಪಡೆದು ಹೋದ ಒಬ್ಬ ಹುಡುಗನಿದ್ದಾನೆ. ಊರು ಹಿರಿಯೂರಿನ ಕಡೆ, ತಮ್ಮ ಘಟಕಕ್ಕೆ ಹತ್ತಿರವೇ. ಬಿಚ್ಚಿದ ಯಂತ್ರವನ್ನು ಮೆಕ್ಯಾನಿಕ್ ಇಲ್ಲದೆಯೂ ಜೋಡಿಸುತ್ತಾನೆ, ಲೆಕ್ಕದಲ್ಲಿ ಮಾತ್ರ ಸ್ವಲ್ಪ ಅವಸರ. ತಾವು ಒಪ್ಪಿದರೆ ಅವನಿಗೆ ವಿಷಯ ತಿಳಿಸಿ, ತಮಗೇ ನೇರವಾಗಿ ಅರ್ಜಿ ಹಾಕಲು ಹೇಳುತ್ತೇನೆ. ಅವನನ್ನು ತೆಗೆದುಕೊಳ್ಳಲೇಬೇಕೆಂಬ ದಾಕ್ಷಿಣ್ಯ ಖಂಡಿತ ಬೇಡ.

ನನ್ನ ಮಟ್ಟಿಗೆ ಹೇಳುವುದಾದರೆ, ಬರುವ ಏಪ್ರಿಲ್ ಹೊತ್ತಿಗೆ ಇಲ್ಲಿಯ ಯಂತ್ರವೂ ದಾರಿಗೆ ಬಂದಿರುತ್ತದೆ, ಮಗಳ ಪರೀಕ್ಷೆಯೂ ಮುಗಿದಿರುತ್ತದೆ. ಮಾತಿನ ನಡುವೆ ತಾವು ಹಿಟ್ಟು, ರವೆ ಮಾಡುವ ಹೊಸ ವಿಭಾಗವನ್ನು ಮುಂದಿನ ವರ್ಷ ತೆರೆಯುವ ಯೋಚನೆಯಿದೆ ಎಂದಿದ್ದಿರಿ. ಅದು ಕೈಗೂಡಿದರೆ, ಅಥವಾ ಆಗ ಬೇರೆ ಯಾವುದೇ ಜಾಗ ಖಾಲಿಯಾದರೆ, ನನ್ನನ್ನು ಮರೆಯದೆ ಒಂದು ಮಾತು ತಿಳಿಸಿ. ಎಲ್ಲರಂತೆ ಅರ್ಜಿ ಹಾಕಿ, ಎಲ್ಲರಂತೆ ಸಂದರ್ಶನಕ್ಕೆ ಬರುತ್ತೇನೆ. ಈ ವರ್ಷದ ನೇಮಕಾತಿ ಪತ್ರವನ್ನು ಆಗ ಹಕ್ಕಿನಂತೆ ಮುಂದೆ ಹಿಡಿಯುವುದಿಲ್ಲ. ಅಷ್ಟರೊಳಗೆ ಕೊರಲೆಯ ಹಂಗಾಮಿನಲ್ಲಿ ಯಂತ್ರ ಹದಕ್ಕೆ ತರಲು ಒಂದೆರಡು ದಿನ ಕೈ ಬೇಕೆನಿಸಿದರೆ ಕರೆಯಿರಿ. ಭಾನುವಾರದ ಜೊತೆಗೆ ಒಂದು ದಿನ ರಜೆ ಹಾಕಿ ಬರುತ್ತೇನೆ, ಬಸ್ ಚಾರ್ಜು ಕೊಟ್ಟರೆ ಸಾಕು. ಇದಕ್ಕೆ ನಮ್ಮ ಒಕ್ಕೂಟದ ಒಪ್ಪಿಗೆಯನ್ನು ಕೇಳಿಯೇ ಬರೆಯುತ್ತಿದ್ದೇನೆ.

ಸಂದರ್ಶನದ ದಿನ ಶಿರಾ ಬಸ್ ನಿಲ್ದಾಣದವರೆಗೆ ಬೈಕಿನಲ್ಲಿ ಬಿಟ್ಟುಬಂದ ತಮ್ಮ ಲೆಕ್ಕಿಗರಿಗೂ ನನ್ನ ನಮಸ್ಕಾರ ತಿಳಿಸಿ. ತಾವು ಕಳಿಸಿದ್ದ ಒಪ್ಪಿಗೆ ಪತ್ರದ ಎರಡೂ ಪ್ರತಿಗಳನ್ನು ಸಹಿ ಮಾಡದೆ ಇದರ ಜೊತೆಯಲ್ಲೇ ಹಿಂದಿರುಗಿಸುತ್ತಿದ್ದೇನೆ. ಅರ್ಜಿಯೊಂದಿಗೆ ಕೊಟ್ಟ ನನ್ನ ಅಂಕಪಟ್ಟಿಗಳ ಜೆರಾಕ್ಸ್ ಪ್ರತಿಗಳು ತಮ್ಮ ಕಡತದಲ್ಲೇ ಇರಲಿ, ಮುಂದೆ ಬೇಕಾಗಬಹುದು.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಸುಜಾತಾ