ಅಧ್ಯಾಯ 2: ಕನ್ನಡ ಗಜಲ್ ಕುರಿತ ಈವರೆಗಿನ ಓದು

ಈ ಪ್ರಬಂಧದ ವಿಷಯ ಕನ್ನಡ ಗಜಲಿನ ಲಯ. ಗಜಲಿನ ಭಾವ, ವಿರಹ, ಸೂಫಿ ದರ್ಶನ ಇವುಗಳ ಬಗ್ಗೆ ಬರೆದವರು ಸಾಕಷ್ಟಿದ್ದಾರೆ. ಸಾಲು ಹೇಗೆ ನಡೆಯುತ್ತದೆ, ಕನ್ನಡದ ಬಾಯಲ್ಲಿ ಹೇಗೆ ನಿಲ್ಲುತ್ತದೆ ಅನ್ನುವುದು ನನ್ನ ಪ್ರಶ್ನೆ. ಹಾಗಾಗಿ ಈ ಅಧ್ಯಾಯದಲ್ಲಿ ಎಲ್ಲ ಬರಹಗಳನ್ನೂ ಒಂದೇ ಅಳತೆಯಲ್ಲಿ ನೋಡಿಲ್ಲ. ಲಯಕ್ಕೆ ಹತ್ತಿರ ಬಂದವುಗಳ ಹತ್ತಿರ ಜಾಸ್ತಿ ಹೊತ್ತು ನಿಂತಿದ್ದೇನೆ.

2.1 ಉರ್ದು ವಿಮರ್ಶೆಯಲ್ಲಿ ಗಜಲ್

ಉರ್ದು ಕಾವ್ಯದ ಕತೆಯನ್ನು ಮೊದಲು ದೊಡ್ಡದಾಗಿ ಹೇಳಿದ ಪುಸ್ತಕಗಳಲ್ಲಿ ಮುಹಮ್ಮದ್ ಹುಸೇನ್ ಆಜಾದರ ‘ಆಬ್-ಎ-ಹಯಾತ್’ (1880) ಒಂದು. ಆಜಾದ್ ವಲಿ ದಖನಿಯನ್ನು ಉರ್ದು ಕಾವ್ಯದ ಆದಮ ಎಂದು ಕರೆದರು. ಹದಿಮೂರು ವರ್ಷದ ನಂತರ ಕವಿ ಅಲ್ತಾಫ್ ಹುಸೇನ್ ಹಾಲಿ ತಮ್ಮ ‘ಮುಕದ್ದಮಾ’ ಎಂಬ ಮುನ್ನುಡಿಯಲ್ಲಿ (1893) ಗಜಲಿಗೆ ಸುಧಾರಣೆ ಬೇಕು ಎಂದರು. ಕವಿತೆಗೆ ಸರಳತೆ, ವಾಸ್ತವ, ಆವೇಶ ಬೇಕೆಂಬುದು ಅವರ ಮಾತು. ಈ ಮೂರು ಗುಣಗಳ ಪಟ್ಟಿ ಅವರಿಗೆ ಬಂದದ್ದು ಮಿಲ್ಟನ್‌ನಿಂದ. ಕಲೀಮುದ್ದೀನ್ ಅಹ್ಮದ್ ಇನ್ನೂ ಮುಂದೆ ಹೋಗಿ ಗಜಲನ್ನು ‘ಅರೆಕಾಡು’ ಪ್ರಕಾರ ಎಂದೇ ಬೈದರು. ಎರಡು ಸಾಲಿನ ಒಂದು ಷೇರಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ, ಇದೆಂಥ ಕವಿತೆ ಅನ್ನುವುದು ಅವರ ತಕರಾರು.

ಈ ತಕರಾರಿನ ಬೇರು ಎಲ್ಲಿದೆ ಎಂದು ತೋರಿಸಿದವರು ಫ್ರಾನ್ಸಿಸ್ ಪ್ರಿಚೆಟ್. ‘ನೆಟ್ಸ್ ಆಫ್ ಅವೇರ್‌ನೆಸ್’ (1994) ಪುಸ್ತಕದಲ್ಲಿ ಅವರು ಆಜಾದ್ ಮತ್ತು ಹಾಲಿ ಇಬ್ಬರನ್ನೂ 1857ರ ಸೋಲಿನ ನೆರಳಲ್ಲಿ ಇಟ್ಟು ಓದುತ್ತಾರೆ. ಶಂಸುರ್ರಹ್ಮಾನ್ ಫಾರೂಕಿ ಉರ್ದು ಕವಿ ಮೀರ್‌ನ ಬಗ್ಗೆ ಬರೆದ ‘ಷೇರ್-ಎ-ಶೋರ್-ಅಂಗೇಜ್’ ನಾಲ್ಕು ಸಂಪುಟಗಳಲ್ಲಿ ಹಳೆಯ ಕಾವ್ಯಶಾಸ್ತ್ರವನ್ನು ಅದರದೇ ಮಾತಿನಲ್ಲಿ ಮತ್ತೆ ಕಟ್ಟುತ್ತದೆ. ಕನ್ನಡದಲ್ಲಿ ಗಜಲ್ ಎಂದರೆ ‘ಪ್ರೇಮದ ಪಿಸುಮಾತು’ ಎಂದು ಬರೆಯುವವರು ಫಾರೂಕಿಯವರನ್ನು ಒಮ್ಮೆಯಾದರೂ ಓದಬೇಕಿತ್ತು. ಮೀರ್‌ನ ಒಂದು ಷೇರಿನೊಳಗೆ ಎಷ್ಟು ಲೆಕ್ಕಾಚಾರ ಇದೆ ಎಂದು ಅವರು ತೋರಿಸಿದ ಮೇಲೆ ‘ಭಾವ ತಾನಾಗಿ ಉಕ್ಕಿದ್ದು’ ಅನ್ನುವ ಮಾತು ನಿಲ್ಲುವುದಿಲ್ಲ. (ಈ ಓದಿಗಾಗಿ ಉರ್ದು ಲಿಪಿ ಕಲಿಯಲು ನನಗೆ ಒಂದೂವರೆ ವರ್ಷ ಹಿಡಿಯಿತು. ನಿಧಾನವಾಗಿ ಓದಿದ್ದೂ ಒಳ್ಳೆಯದೇ ಆಯಿತು.)

2.2 ಮನೆ ಹತ್ತಿರದ ದಖನಿ

ವಲಿಯಿಂದ ಕತೆ ಶುರುಮಾಡಿದರೆ ನಮ್ಮ ನೆಲದ ಒಂದು ಶತಮಾನ ಬಿಟ್ಟುಹೋಗುತ್ತದೆ. ಗೋಲ್ಕೊಂಡದ ಮುಹಮ್ಮದ್ ಕುಲಿ ಕುತುಬ್ ಶಾಹ್ ವಲಿಗಿಂತ ನೂರು ವರ್ಷ ಹಿಂದಿನವನು. ವಿಜಯಪುರದಲ್ಲಿ ನುಸ್ರತಿ ಇದ್ದ, ಹಾಶ್ಮಿ ಇದ್ದ. ಹಾಶ್ಮಿಯ ಗಜಲುಗಳಲ್ಲಿ ಹೆಣ್ಣಿನ ದನಿ ಮಾತಾಡುತ್ತದೆ. ಜಮೀಲ್ ಜಾಲಿಬಿಯವರ ಉರ್ದು ಸಾಹಿತ್ಯ ಚರಿತ್ರೆಯ ಮೊದಲ ಸಂಪುಟ ದಖ್ಖನಿನ ಉರ್ದುವಾದ ದಖನಿಗೆ ದೊಡ್ಡ ಜಾಗ ಕೊಟ್ಟು ಈ ಕೊರತೆ ತುಂಬಿದೆ.

ಆದರೆ ನನ್ನ ವಿಷಯಕ್ಕೆ ಇಲ್ಲೊಂದು ಎಚ್ಚರ ಬೇಕು. ‘ಗಜಲ್ ವಿಜಯಪುರದಲ್ಲಿ ಇತ್ತು, ಆದ್ದರಿಂದ ಕನ್ನಡ ಗಜಲಿಗೆ 400 ವರ್ಷದ ಪರಂಪರೆ ಇದೆ’ ಎಂಬ ವಾದ ಸಭೆಗಳಲ್ಲಿ ಕೇಳಲು ಚೆನ್ನಾಗಿರುತ್ತದೆ. ನೆರೆಯಲ್ಲಿ ಇದ್ದದ್ದೆಲ್ಲ ಮನೆಯೊಳಗೆ ಬಂದಿತ್ತು ಅನ್ನಲು ಆಗುವುದಿಲ್ಲ. ದಖನಿಗೆ ಕನ್ನಡ, ಮರಾಠಿ, ತೆಲುಗಿನ ಮಾತುಗಳು ಸೇರಿಕೊಂಡಿವೆ ನಿಜ. ಕನ್ನಡದಲ್ಲಿ ಗಜಲ್ ಬರೆಯುವುದು ಮಾತ್ರ 20ನೇ ಶತಮಾನದ ಸಂಗತಿ. ಈ ಪ್ರಬಂಧ ಅದನ್ನು ಆಧುನಿಕ ರೂಪವೆಂದೇ ಎಣಿಸುತ್ತದೆ.

2.3 ಗಡಿ ದಾಟಿದ ಗಜಲ್

ಬೇರೆ ಭಾಷೆಗೆ ಹೋದಾಗ ಗಜಲ್ ಏನನ್ನು ಉಳಿಸಿಕೊಂಡಿತು, ಏನನ್ನು ಬಿಟ್ಟಿತು? ಇಂಗ್ಲಿಷಿನಲ್ಲಿ ಏಡ್ರಿಯನ್ ರಿಚ್ 1968ರಲ್ಲಿ ಗಾಲಿಬನ ಗೌರವಕ್ಕೆಂದು ಬರೆದ ಗಜಲುಗಳಲ್ಲಿ ಷೇರಿನ ಕೊನೆಗೆ ಮತ್ತೆ ಮತ್ತೆ ಬರುವ ಮಾತಾದ ರದೀಫ್ ಇಲ್ಲ, ಅದಕ್ಕೆ ಮುಂಚೆ ಬರುವ ಪ್ರಾಸವಾದ ಕಾಫಿಯಾ ಇಲ್ಲ. ಬಿಡಿಬಿಡಿ ದ್ವಿಪದಿ ಮಾತ್ರ ಉಳಿದಿದೆ. ಆಗಾ ಶಾಹಿದ್ ಅಲಿಗೆ ಇದು ಸರಿಕಾಣಲಿಲ್ಲ. 2000ದಲ್ಲಿ ‘ನಿಜವಾದ’ ಇಂಗ್ಲಿಷ್ ಗಜಲುಗಳ ಸಂಕಲನವನ್ನೇ ತಂದರು. ಹಿಂದಿಯಲ್ಲಿ ದುಷ್ಯಂತ್ ಕುಮಾರರ ‘ಸಾಯೇ ಮೇ ಧೂಪ್’ (1975) ರೂಪವನ್ನು ಹಾಗೇ ಇಟ್ಟುಕೊಂಡು ರಾಜಕೀಯದ ಸಿಟ್ಟನ್ನು ಒಳಗೆ ತುಂಬಿತು.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಮರಾಠಿ. ಅಲ್ಲಿ ಮಾಧವ ಜೂಲಿಯನ್ ಗಜಲನ್ನೂ ಬರೆದರು, ‘ಛಂದೋರಚನಾ’ ಎಂಬ ಛಂದಶ್ಶಾಸ್ತ್ರದ ಪುಸ್ತಕವನ್ನೂ ಬರೆದರು. ಅವರು ಪಾರ್ಸಿ ಪಾಠ ಹೇಳುತ್ತಿದ್ದವರು. ಮುಂದೆ ಸುರೇಶ್ ಭಟ್ ಹೊಸಬರಿಗಾಗಿ ‘ಗಜಲಚೀ ಬಾರಾಖಡೀ’ ಎಂಬ ಸಣ್ಣ ಕೈಪಿಡಿ ಮಾಡಿದರು. ಕವಿಯೇ ಶಾಸ್ತ್ರ ಹೇಳಿಕೊಟ್ಟದ್ದರಿಂದ ಮರಾಠಿಯಲ್ಲಿ ಲಯದ ಚರ್ಚೆ ಬರೆಯುವವರ ನಡುವೆಯೇ ಬೆಳೆಯಿತು.

2.4 ಕನ್ನಡದ ಬರಹಗಳು

ಕನ್ನಡದಲ್ಲಿ ಈ ಚರ್ಚೆ ಶಾಂತರಸರಿಂದ ಶುರುವಾಗುತ್ತದೆ. ರಾಯಚೂರು ಸೀಮೆಯ ಹೆಂಬೆರಾಳಿನವರು, ಉರ್ದು ಬಲ್ಲವರು. ಅವರ ‘ಗಜಲ್ ಮತ್ತು ಬಿಡಿ ದ್ವಿಪದಿ’ ಇಂದಿಗೂ ಎಲ್ಲರೂ ಮೊದಲು ಕೈಗೆತ್ತಿಕೊಳ್ಳುವ ಪುಸ್ತಕ. ಅವರ ನಂತರ ಗಜಲ್ ಬರೆದವರು ಬಹಳ. ಅದರಲ್ಲೂ ಕಲ್ಯಾಣ ಕರ್ನಾಟಕದಲ್ಲಿ ಬೆಳೆ ಹುಲುಸಾಗಿದೆ.

ವಿಮರ್ಶೆ ಮಾತ್ರ ಬಹುಪಾಲು ಸಂಕಲನಗಳ ಮುನ್ನುಡಿಗಳಲ್ಲೇ ಉಳಿದಿದೆ. ಮುನ್ನುಡಿಗಳ ದಾರಿ ಹೆಚ್ಚುಕಡಿಮೆ ಒಂದೇ. ಮೊದಲ ಷೇರಾದ ಮತ್ಲಾ ಎಂದರೆ ಇದು, ಕೊನೆಯ ಷೇರಾದ ಮಕ್ತಾ ಎಂದರೆ ಇದು, ರದೀಫಿನ ಹಿಂದೆ ಕಾಫಿಯಾ ಬರಬೇಕು, ಕೊನೆಯಲ್ಲಿ ಕವಿಯ ಅಂಕಿತವಾದ ತಖಲ್ಲುಸ್. ಗಜಲಿನ ಛಂದಸ್ಸಾದ ಬೆಹರ್ ಎಂಬಲ್ಲಿಗೆ ಬಂದಾಗ ‘ಕನ್ನಡದಲ್ಲಿ ಮಾತ್ರೆಗಳ ಸಮತೂಕ ಇದ್ದರೆ ಸಾಕು’ ಎಂದು ಹೇಳಿ ಮುಂದೆ ಹೋಗುತ್ತಾರೆ. ನನಗೆ ಬೇಕಾದದ್ದು ಅವರು ದಾಟಿಹೋದ ಆ ಜಾಗವೇ.

ಎರಡು ಸಂಗತಿಗಳನ್ನು ನೋಡೋಣ. ಒಂದು, ಕಾಫಿಯಾ. ಕನ್ನಡ ವಾಕ್ಯದ ಕೊನೆಗೆ ಕ್ರಿಯಾಪದ ಬರುತ್ತದೆ. ರದೀಫಿಗೆ ಇದು ಅನುಕೂಲ. ‘ಬಾಗಿಲು ತೆರೆದಿಡು’ ಎಂಬುದು ರದೀಫ್ ಆದರೆ ಅದರ ಹಿಂದೆ ಗಾಳಿ, ತಾಳಿ, ದಾಳಿ ಎಂದು ಕಾಫಿಯಾ ಕೂರಿಸಬಹುದು. ಆದರೆ ಬರುತ್ತೇನೆ, ನಗುತ್ತೇನೆ, ಹೋಗುತ್ತೇನೆ ಎಂದು ಬರೆದು ಅದನ್ನೇ ಕಾಫಿಯಾ ಅನ್ನುವವರಿದ್ದಾರೆ. ಅಲ್ಲಿ ಸೇರುತ್ತಿರುವುದು ಪ್ರತ್ಯಯ ಮಾತ್ರ. ಬರು, ನಗು, ಹೋಗು ಎಂಬ ಧಾತುಗಳು ಒಂದಕ್ಕೊಂದು ಪ್ರಾಸವಾಗುವುದಿಲ್ಲ. ಉರ್ದುವಿನಲ್ಲಿ ಇದಕ್ಕೆ ‘ಈತಾ’ ದೋಷ ಎಂಬ ಹೆಸರೇ ಇದೆ. ನಾನು ಓದಿದ ಮುನ್ನುಡಿಗಳಲ್ಲಿ ಈ ಮಾತು ಎಲ್ಲೂ ಸಿಗಲಿಲ್ಲ.

ಎರಡು, ಬೆಹರ್. ‘ಮುತಕಾರಿಬ್’ ಎಂಬ ಬೆಹರ್‌ನಲ್ಲಿ ‘ಫಊಲುನ್’ ಎಂಬ ಗಣ ನಾಲ್ಕು ಸಲ ಬರುತ್ತದೆ. ಅಂದರೆ ಲಘು-ಗುರು-ಗುರು, ನಾಲ್ಕು ಸಲ. ಇದು ನಮ್ಮ ಯಗಣ ಅಲ್ವಾ? ನಾಲ್ಕು ಯಗಣ ಸೇರಿದರೆ ಭುಜಂಗಪ್ರಯಾತ. ‘ಸದಾ ನಿನ್ನ ಮಾತೇ, ಸದಾ ನಿನ್ನ ಹಾಡೇ’ ಎಂದು ಪ್ರಸ್ತಾರ ಹಾಕಿದರೆ ಎರಡೂ ಲೆಕ್ಕಕ್ಕೂ ಸರಿಹೊಂದುತ್ತದೆ. ಬೆಹರ್ ಕನ್ನಡಕ್ಕೆ ಒಗ್ಗುವುದಿಲ್ಲ ಎಂಬ ಮಾತನ್ನು ಹಾಗೇ ಒಪ್ಪಲು ಆಗದು. ತೊಡಕು ಇರುವುದು ಬೇರೆ ಕಡೆ. ಉರ್ದು ಕವಿ ಬೇಕಾದಾಗ ಪದದ ಕೊನೆಯ ದೀರ್ಘವನ್ನು ಹ್ರಸ್ವವಾಗಿ ಎಣಿಸಬಹುದು. ಕನ್ನಡದ ಕಿವಿ ಅಷ್ಟು ಸಡಿಲ ಬಿಡುವುದಿಲ್ಲ. ‘ಮಾತ್ರೆ ಸಮ ಇದ್ದರೆ ಸಾಕು’ ಅನ್ನುವುದರಲ್ಲೂ ಒಂದು ತೂತಿದೆ. ಐದು ಮಾತ್ರೆ ಲಘು-ಗುರು-ಗುರು ಆಗಬಹುದು, ಗುರು-ಲಘು-ಗುರು ಆಗಬಹುದು, ಐದೂ ಲಘು ಆಗಬಹುದು. ಲೆಕ್ಕ ಒಂದೇ, ನಡಿಗೆ ಬೇರೆ ಬೇರೆ.

2.5 ಈ ಅಧ್ಯಯನದ ಜಾಗ

ಕನ್ನಡ ಛಂದಸ್ಸಿನ ಚರ್ಚೆ ನಾಗವರ್ಮನ ‘ಛಂದೋಂಬುಧಿ’ಯಿಂದ ಇಲ್ಲಿಯವರೆಗೆ ಗಟ್ಟಿಯಾಗಿದೆ. ಉರ್ದುವಿನ ಅರೂಜ್ ಎಂಬ ಛಂದಶ್ಶಾಸ್ತ್ರವೂ ಗಟ್ಟಿಯಾಗಿದೆ. ಇವೆರಡನ್ನೂ ಎದುರುಬದುರು ಕೂರಿಸಿ ಕನ್ನಡ ಗಜಲನ್ನು ಸಾಲುಸಾಲಾಗಿ ಅಳೆದ ಕೆಲಸ ನನ್ನ ಕಣ್ಣಿಗೆ ಬಿದ್ದಿಲ್ಲ. ಮುಂದಿನ ಅಧ್ಯಾಯದಲ್ಲಿ ಆರು ಕವಿಗಳ 120 ಗಜಲುಗಳಿಗೆ ಪ್ರಸ್ತಾರ ಹಾಕಿದ್ದೇನೆ. ಪ್ರತಿ ಸಾಲನ್ನೂ, ಅಂದರೆ ಮಿಸ್ರಾವನ್ನೂ, ಎರಡು ಸಲ ಅಳೆದಿದ್ದೇನೆ: ಒಮ್ಮೆ ಮಾತ್ರಾಗಣಗಳಲ್ಲಿ, ಇನ್ನೊಮ್ಮೆ ಬೆಹರ್‌ನ ಗಣಗಳಲ್ಲಿ. ಎರಡು ಲೆಕ್ಕ ಬೇರೆಯಾದ ಸಾಲುಗಳನ್ನು ತಪ್ಪು ಎಂದು ಬದಿಗಿಡದೆ, ಬೇರೆಯಾಗಿ ತೆಗೆದು 4ನೇ ಅಧ್ಯಾಯದಲ್ಲಿ ಓದಿದ್ದೇನೆ.